ಮಲ್ಲಿಗೆ, ಹಾರ ಅದೇ ದಿನ ತಲುಪಿಸುವ ಪಟ್ಟಿ: "24 ಗಂಟೆ ತಾಜಾ" ಅಂತ ಬರೆಯಬಹುದಾ? (ಮೈಸೂರು)

ಅಗ್ರಹಾರದ ಹೂವು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಅಗ್ರಹಾರದಲ್ಲಿ ನಾನು, ನನ್ನ ನಾದಿನಿ ಇಬ್ಬರೂ ಮನೆಯಲ್ಲೇ ಹೂ ಕಟ್ಟಿ ಮಾರುತ್ತೇವೆ. ಇಷ್ಟು ದಿನ ಗೊತ್ತಿದ್ದವರ ಮನೆಗಳಿಗೆ ಮಾತ್ರ ಕೊಡುತ್ತಿದ್ದೆವು. ಈಗ ವಾಟ್ಸಾಪ್ ಕ್ಯಾಟಲಾಗ್‌ನಲ್ಲಿ ಹಾಕೋಣ ಅಂತ ಒಂದು ಪಟ್ಟಿ ಬರೆದಿದ್ದೇನೆ. ನೋಡಿ ಹೇಳಿ.

"ಮೈಸೂರು ಮಲ್ಲಿಗೆ, ಮೊಳದ ಲೆಕ್ಕ. ಮದುವೆ ಹಾರ, ಕನಕಾಂಬರ, ಸೇವಂತಿಗೆ ಎಲ್ಲವೂ ಸಿಗುತ್ತದೆ. ಆರ್ಡರ್ ಮಾಡಿದ ದಿನವೇ ಡೆಲಿವರಿ. 24 ಗಂಟೆ ತಾಜಾತನ ಗ್ಯಾರಂಟಿ. ಮೈಸೂರು ಪೂರ್ತಿ ತಲುಪಿಸುತ್ತೇವೆ."

ನಾದಿನಿ ಇದನ್ನು ಓದಿ, "24 ಗಂಟೆ ಅಂತ ಬರೆದರೆ ದಿನಾ ಜಗಳ" ಅನ್ನುತ್ತಾಳೆ. ಆದರೆ ಹೂ ಮಾರುವ ಬೇರೆಯವರೆಲ್ಲ ಹಾಗೇ ಬರೆದಿದ್ದಾರೆ. ಅದನ್ನು ಬಿಟ್ಟರೆ ನಮ್ಮ ಹೂವು ಕಡಿಮೆ ಅಂತ ಜನ ಅಂದುಕೊಳ್ಳುವುದಿಲ್ಲವಾ? ಮಾತು ಉಳಿಸಿಕೊಳ್ಳುವ ಹಾಗೆ ಏನು ಬರೆಯಬೇಕು?

ಸುಧಾ ಕುವೆಂಪುನಗರ

24 ಗಂಟೆ ಧಾರಾಳವಾಗಿ ಬರೆಯಿರಿ. ನಾನು ಹೂವಿಗೆ ಚೆನ್ನಾಗಿ ನೀರು ಚಿಮುಕಿಸಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿ ಇಡುತ್ತೇನೆ. ಮೂರು ದಿನ ಇರುತ್ತದೆ. ಕೊಳ್ಳುವವರಿಗೂ ಹಾಗೇ ಇಡಲು ಹೇಳಿ, ಅಷ್ಟೇ.

ಮಾರ್ಕೆಟ್ ಮಂಜಣ್ಣ

ನಮ್ಮದು ದೇವರಾಜ ಮಾರ್ಕೆಟ್‌ನಲ್ಲಿ ತಂದೆಯ ಕಾಲದಿಂದ ಹೂವಿನ ಅಂಗಡಿ. ನಿಮ್ಮ ನಾದಿನಿ ಹೇಳಿದ್ದೇ ಸರಿ ತಾಯಿ.

ಮಲ್ಲಿಗೆಯ ಲೆಕ್ಕ ಶುರುವಾಗುವುದು ಗಿಡದಿಂದ ಕಿತ್ತ ಹೊತ್ತಿನಿಂದ. ನೀವು ಯಾವಾಗ ಕಟ್ಟಿದಿರಿ, ಗಿರಾಕಿ ಯಾವಾಗ ಕೊಂಡರು ಅನ್ನುವುದು ಅದಕ್ಕೆ ಗೊತ್ತಿಲ್ಲ. ಬಿಸಿಲೇರುವ ಮೊದಲೇ ಬಲಿತ ಬಿಳಿ ಮೊಗ್ಗು ಕೀಳುತ್ತಾರೆ. ಆ ಮೊಗ್ಗು ಅದೇ ದಿನ ಸಂಜೆ ಅರಳಲು ತಯಾರಾಗಿರುತ್ತದೆ. ಸಂಜೆ ಅರಳುತ್ತದೆ, ರಾತ್ರಿಯೆಲ್ಲ ಘಮ ಕೊಡುತ್ತದೆ, ಮರುದಿನ ಬೆಳಗ್ಗೆ ಎಸಳಿನ ಅಂಚು ಕಂದುತ್ತದೆ. ಅದು ನಿಮ್ಮ ತಪ್ಪಲ್ಲ, ಹೂವಿನ ಗುಣ. ನೀವು ಮಧ್ಯಾಹ್ನ 3 ಗಂಟೆಗೆ ಕೊಟ್ಟು 24 ಗಂಟೆ ಅಂತ ಬರೆದರೆ, ನಾಳೆ ಮಧ್ಯಾಹ್ನ 3ಕ್ಕೂ ಅದು ಬೆಳ್ಳಗಿರಬೇಕು ಅಂತ ಅರ್ಥ. ಯಾವ ಮಲ್ಲಿಗೆಯೂ ಇರುವುದಿಲ್ಲ.

ಅದಕ್ಕೇ ಗಂಟೆಯ ಗ್ಯಾರಂಟಿ ಬಿಟ್ಟುಬಿಡಿ. ಮೂರು ವಿಷಯ ಬರೆಯಿರಿ: ಯಾವತ್ತು ಕಿತ್ತ ಮೊಗ್ಗು, ನಿಮ್ಮ ಕೈಗೆ ಬರುವಾಗ ಮೊಗ್ಗೋ ಅರಳಿದ್ದೋ, ಎಲ್ಲಿಯವರೆಗೆ ಮುಡಿಯಬಹುದು. "ಇವತ್ತು ಬೆಳಗ್ಗೆ ಕಿತ್ತ ಮೊಗ್ಗು, ಕೈಗೆ ಬರುವಾಗ ಮೊಗ್ಗಾಗಿರುತ್ತದೆ, ಸಂಜೆ ಅರಳುತ್ತದೆ, ಇವತ್ತು ರಾತ್ರಿವರೆಗೆ ಚೆನ್ನ." ಇದನ್ನು ನೀವು ದಿನಾ ಉಳಿಸಿಕೊಳ್ಳಬಹುದು.

ಸುಧಾ ಮೇಡಂ, ಫ್ರಿಜ್ ವಿಷಯ ಅರ್ಧ ಸರಿ. ತಂಪಿನಲ್ಲಿ ಮೊಗ್ಗು ಅರಳುವುದು ತಡವಾಗುತ್ತದೆ, ನಿಜ. ಆದರೆ ನೀರು ಚಿಮುಕಿಸಿ ಮುಚ್ಚಿದ ಪ್ಲಾಸ್ಟಿಕ್‌ನಲ್ಲಿ ಇಟ್ಟರೆ ಒಳಗೇ ಬೆವರುತ್ತದೆ. ನೀರು ನಿಂತ ಕಡೆ ಎಸಳು ಗಾಜಿನ ಹಾಗೆ ಪಾರದರ್ಶಕವಾಗುತ್ತದೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹೂವಿಗೆ ನೀರು ತಾಗಬಾರದು, ಸುತ್ತಿದ ಬಾಳೆಎಲೆ ಅಥವಾ ಬಟ್ಟೆ ಮಾತ್ರ ಒದ್ದೆಯಾಗಿರಬೇಕು. ಫ್ರಿಜ್‌ನಲ್ಲಿ ತರಕಾರಿ ಇಡುವ ಕೆಳಗಿನ ಡಬ್ಬಿ ಸಾಕು. ಮೇಲೆ ಐಸ್ ಪಕ್ಕ ಇಟ್ಟರೆ ಹೊರಗೆ ತೆಗೆದ ಮೇಲೆ ಸರಿಯಾಗಿ ಅರಳುವುದೇ ಇಲ್ಲ.

ಸುಧಾ ಕುವೆಂಪುನಗರ

ನಾನು ಇಡುವುದು ಹೆಚ್ಚಾಗಿ ಕನಕಾಂಬರ. ಅದಕ್ಕೇ ಮೂರು ದಿನ ಅಂದೆ.

ಮಾರ್ಕೆಟ್ ಮಂಜಣ್ಣ

ಹಾಗಾದರೆ ಸರಿ ಮೇಡಂ. ಕನಕಾಂಬರಕ್ಕೆ ಘಮ ಇಲ್ಲ, ಆದರೆ ಬಾಳಿಕೆ ಇದೆ. ಸೇವಂತಿಗೆಯೂ ತಡೆಯುತ್ತದೆ. ಎಲ್ಲ ಹೂವಿಗೂ ಒಂದೇ ಮಾತು ಬರೆಯಬಾರದು ಅನ್ನುವುದು ಇದಕ್ಕೇ. ಪಟ್ಟಿಯಲ್ಲಿ ಒಂದೊಂದು ಹೂವಿನ ಕೆಳಗೂ ಅದರದ್ದೇ ಸಾಲು ಬೇಕು.

ಹಾರದಲ್ಲಿ ಇನ್ನೊಂದು ಸಂಗತಿ ಇದೆ. ಸುಗಂಧರಾಜ, ಗುಲಾಬಿ ಹಾರವನ್ನು ಸೂಜಿಯಲ್ಲಿ ಪೋಣಿಸುತ್ತೇವೆ. ಚುಚ್ಚಿದ ಹೂವು ಕಟ್ಟಿದ ಹೂವಿಗಿಂತ ಬೇಗ ಬಾಡುತ್ತದೆ. ಗುಲಾಬಿಯಲ್ಲಿ ಚುಚ್ಚಿದ ಜಾಗ ಮೊದಲು ಕಪ್ಪಾಗುತ್ತದೆ. ಆದ್ದರಿಂದ ಹಾರವನ್ನು ಮುಹೂರ್ತಕ್ಕೆ ಆದಷ್ಟು ಹತ್ತಿರದಲ್ಲಿ ಪೋಣಿಸಬೇಕು. ಹಿಂದಿನ ದಿನ ಮಾಡಿಟ್ಟು "ಫ್ರೆಶ್" ಅನ್ನುವುದು ಮೋಸ.

ಬೆಂಗಳೂರು ಕಿರಣ್

ನಾನು ಬೆಂಗಳೂರಿನ ಬಸವನಗುಡಿಯಲ್ಲಿದ್ದೇನೆ. ಮೈಸೂರು ಮಲ್ಲಿಗೆ ಬೇಕು. ಬೆಳಗ್ಗೆ ಬಸ್ಸಿನಲ್ಲಿ ಪಾರ್ಸಲ್ ಹಾಕಿದರೆ ಮಧ್ಯಾಹ್ನದೊಳಗೆ ಬರುತ್ತದಲ್ಲ? ನೀವು ಅದೇ ದಿನ ಡೆಲಿವರಿ ಅಂತ ಬರೆದಿದ್ದೀರಿ. ಹೋದ ವರ್ಷ ಮನೆ ಗೃಹಪ್ರವೇಶಕ್ಕೆ ಒಂದು ಕಡೆ ಆನ್‌ಲೈನ್‌ನಲ್ಲಿ ಹೂ ತರಿಸಿದ್ದೆ. ಪೊಟ್ಟಣ ಬಿಚ್ಚಿದರೆ ಬಿಸಿ ಹಬೆ, ಹೂವೆಲ್ಲ ಕಂದು. ದುಡ್ಡು ವಾಪಸ್ ಕೇಳಿದರೆ "ನಮ್ಮಿಂದ ಹೊರಟಾಗ ತಾಜಾ ಇತ್ತು" ಅಂದರು. ನಮ್ಮಮ್ಮ ಅವತ್ತು ಮುಡಿಯಲು ಹೂವಿಲ್ಲದೆ ಬೇಜಾರು ಮಾಡಿಕೊಂಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಗ್ರಹಾರದ ಹೂವು

ಕಿರಣ್ ಅವರೇ, ನಾವು ಮೈಸೂರಿನಲ್ಲಿ ಮಾತ್ರ ಕೊಡುತ್ತೇವೆ. ಆದರೆ ನಿಮ್ಮ ಪ್ರಶ್ನೆಯಿಂದ ಗೊತ್ತಾಯಿತು, "ಅದೇ ದಿನ ಡೆಲಿವರಿ" ಅಂತ ಬರೆದು ಊರಿನ ಎಲ್ಲೆ ಹಾಕದಿದ್ದರೆ ಎಲ್ಲಿಂದಲೋ ಕೇಳುತ್ತಾರೆ. ನಿಮ್ಮ ಅಮ್ಮನವರಿಗೆ ಆದದ್ದು ನಮ್ಮಿಂದ ಯಾರಿಗೂ ಆಗಬಾರದು.

ಶಿವು ಡೆಲಿವರಿ

ಅಕ್ಕ, ನಾನು ಮೈಸೂರಿನಲ್ಲೇ ಬೈಕಿನಲ್ಲಿ ಪಾರ್ಸಲ್ ಓಡಿಸುತ್ತೇನೆ. ಕಿರಣ್ ಸರ್ ಹೇಳಿದ ಹಬೆ ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತು. ಬೆನ್ನಿನ ಚೀಲ ಊಟಕ್ಕೆ ಮಾಡಿದ್ದು, ಒಳಗೆ ಬಿಸಿ ಹಿಡಿದಿಡುತ್ತೆ. ಮೊದಲು ಬಿರಿಯಾನಿ ಹೋಗಿರುತ್ತೆ, ಆಮೇಲೆ ಅದೇ ಚೀಲದಲ್ಲಿ ನಿಮ್ಮ ಹೂವು. ವಾಸನೆಯೂ ಹತ್ತುತ್ತೆ. ನೀವು ಗಟ್ಟಿಯಾದ ರಟ್ಟಿನ ಡಬ್ಬಿ ಕೊಡಿ, ಪಕ್ಕದಲ್ಲಿ ತೂತು ಇರಲಿ. ಹಾರ ಆದರೆ ಮಡಚದೆ ಸುರುಳಿ ಸುತ್ತಿ ಇಡಿ. ಮುಂದೆ ಕಾಲಿನ ಹತ್ತಿರ ಇಟ್ಟುಕೊಂಡು ಹೋಗುವ ಸ್ಕೂಟರ್ ಆದರೆ ಇನ್ನೂ ಒಳ್ಳೆಯದು.

ಇನ್ನೊಂದು. "ಮೈಸೂರು ಪೂರ್ತಿ" ಅನ್ನಬೇಡಿ. ಅಗ್ರಹಾರದಿಂದ ಕುವೆಂಪುನಗರ, ಸರಸ್ವತಿಪುರಂ ಹತ್ತಿರ. ಬೋಗಾದಿ, ವಿಜಯನಗರಕ್ಕೆ ಅರ್ಧ ಗಂಟೆ ಇಡಿ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಆಚೆ ಹೋಗಬೇಕಾದರೆ ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನೂ ಜಾಸ್ತಿ. ನಂಜನಗೂಡು, ಶ್ರೀರಂಗಪಟ್ಟಣ ಅದೇ ದಿನಕ್ಕೆ ಒಪ್ಪಿಕೊಳ್ಳಲೇಬೇಡಿ, ಹಿಂದಿನ ದಿನ ಹೇಳಿದವರಿಗೆ ಮಾತ್ರ. ಜಂಬೂಸವಾರಿ ದಿನ ಅರಮನೆ ಸುತ್ತಮುತ್ತ ರಸ್ತೆ ಬಂದ್ ಇರುತ್ತೆ. ಅವತ್ತು ನಾವು ಯಾರೂ ಒಳಗೆ ಬರೋಕಾಗಲ್ಲ.

ಶಂಕರಪುರದವಳು

ನಾನು ಉಡುಪಿ ಹತ್ತಿರದ ಶಂಕರಪುರದವಳು, ನಮ್ಮ ಮನೆಯಲ್ಲೂ ಮಲ್ಲಿಗೆ ಗಿಡ ಉಂಟು. ಒಂದು ಮಾತು ಕೇಳುತ್ತೇನೆ, ನೀವು ಮೊಳದ ಲೆಕ್ಕದಲ್ಲಿ ಮಾರುವುದು ಹೇಗೆ ಮಾರಾಯ್ರೆ? ಯಾರ ಮೊಳ?

ನಮ್ಮಲ್ಲಿ ಎಣಿಕೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬೆಳಗ್ಗೆಯೇ ಕೊಯ್ದು, ಬಾಳೆ ನಾರಿನಲ್ಲಿ ಮನೆಯಲ್ಲೇ ಕಟ್ಟಿ ಕಟ್ಟೆಗೆ ಕೊಡುತ್ತೇವೆ. ಅಟ್ಟೆಗೆ ಆ ದಿನದ ದರ ಶಂಕರಪುರದಲ್ಲಿ ಗೊತ್ತಾಗುತ್ತದೆ. ಯಾರೂ ಕೈ ಗಿಡ್ಡ, ಕೈ ಉದ್ದ ಅಂತ ಜಗಳ ಮಾಡುವ ಹಾಗಿಲ್ಲ. ಕಟ್ಟಿದ್ದು ಉದ್ದ ಇದ್ದರೂ ಹೂವು ಅಷ್ಟೇ.

ವಿಮಲಾ ಆಂಟಿ, ಚಾಮುಂಡಿಪುರಂ

ಇದನ್ನೇ ನಾನು ಹೇಳಬೇಕು ಅಂತಿದ್ದೆ. ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿವರೆಗೆ. ಮಾರುವವರು ಅಳೆಯುವಾಗ ಕೈ ಮಡಚಿಕೊಳ್ಳುತ್ತಾರೆ. ಅದೂ ಹೋಗಲಿ, ಈಗೀಗ ಎರಡು ಹೂವಿನ ನಡುವೆ ಬೆರಳು ತೂರಿಸುವಷ್ಟು ಜಾಗ ಬಿಟ್ಟು ಕಟ್ಟಿರುತ್ತಾರೆ. ಫೋಟೋದಲ್ಲಿ ಒತ್ತಾಗಿರುತ್ತದೆ, ಮನೆಗೆ ಬಂದರೆ ದಾರವೇ ಕಾಣುತ್ತದೆ. ತಾಜಾ ಅಂತ ಬರೆಯುವ ಮೊದಲು ಇದನ್ನು ಬರೆಯಮ್ಮ.

ಮತ್ತೆ ಮಲ್ಲಿಗೆ ಅಂತ ಹೇಳಿ ಕಾಕಡ ಸೇರಿಸಬೇಡ. ಚಳಿಗಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ.

ಅಗ್ರಹಾರದ ಹೂವು

ಆಂಟಿ, ಕಾಕಡ ನಾವು ಕೇಳದೆ ಹಾಕುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಮಲ್ಲಿಗೆ ಸಿಗುವುದೇ ಕಷ್ಟ, ಬೆಲೆ ಕೈಗೆಟಕುವುದಿಲ್ಲ. ಆಗ ಫೋನ್ ಮಾಡಿ ಕೇಳುತ್ತೇವೆ. ಕಾಕಡ ನೋಡಲು ಬೆಳ್ಳಗೆ ಚೆನ್ನಾಗಿರುತ್ತದೆ, ಬೆಲೆಯೂ ಕಡಿಮೆ, ಆದರೆ ಮಲ್ಲಿಗೆಯ ಘಮ ಅದಕ್ಕಿಲ್ಲ. ಅದನ್ನು ಪಟ್ಟಿಯಲ್ಲೇ ಬೇರೆ ಹೆಸರಿನಲ್ಲಿ, ಬೇರೆ ಬೆಲೆಗೆ ಹಾಕುತ್ತೇನೆ.

ಉದ್ದಕ್ಕೆ 45 ಸೆಂ.ಮೀ. ಅಂತ ಬರೆದು, ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆದರೆ ಆಯಿತಲ್ಲ?

ಮಾರ್ಕೆಟ್ ಮಂಜಣ್ಣ

ಬಹಳ ಒಳ್ಳೆಯದು. ಒತ್ತು ಕಟ್ಟಿದ್ದಕ್ಕೆ ಒಂದು, ಬಿಡಿ ಕಟ್ಟಿದ್ದಕ್ಕೆ ಒಂದು, ಎರಡೂ ಫೋಟೋ ಹಾಕಿ, ಎರಡು ಬೆಲೆ ಇಡಿ. ದೇವರ ಫೋಟೋಗೆ ಬಿಡಿ ಕಟ್ಟಿದ್ದೇ ಸಾಕು ಅನ್ನುವವರೂ ಇದ್ದಾರೆ.

ಈಗ ಅದೇ ದಿನದ ಡೆಲಿವರಿ ವಿಷಯ. ನೀವು ದಿನಕ್ಕೆ ಎಷ್ಟು ಒಪ್ಪಿಕೊಳ್ಳಬಹುದು ಅಂತ ಲೆಕ್ಕ ಹಾಕಿದ್ದೀರಾ? ಒಂದು ಮೊಳ ಒತ್ತಾಗಿ ಕಟ್ಟಲು ನಿಮ್ಮ ಕೈಗೆ ಎಷ್ಟು ಹೊತ್ತು?

ಅಗ್ರಹಾರದ ಹೂವು

ಹತ್ತು ನಿಮಿಷ. ನಾದಿನಿಗೂ ಅಷ್ಟೇ. ಸುಗಂಧರಾಜಕ್ಕೆ ಗುಲಾಬಿ ಸೇರಿಸಿದ ಹಾರ ಒಂದಕ್ಕೆ ಒಂದೂವರೆ ಗಂಟೆ. ಬರುವ ಭಾನುವಾರ ಬೋಗಾದಿಯಲ್ಲಿ ಸಂಜೆ 5ಕ್ಕೆ ಒಂದು ಸೀಮಂತ ಇದೆ. ಅವರು 20 ಮೊಳ ಮಲ್ಲಿಗೆ, ಎರಡು ಹಾರ ಕೇಳಿದ್ದಾರೆ. ಅಂಥದ್ದು ಅದೇ ದಿನ ಬೆಳಗ್ಗೆ ಬಂದರೆ ಒಪ್ಪಿಕೊಳ್ಳಬಹುದಾ?

ಮಾರ್ಕೆಟ್ ಮಂಜಣ್ಣ

ಅದನ್ನೇ ಇಟ್ಟುಕೊಂಡು ನೋಡೋಣ. ಆರ್ಡರ್ ಬೆಳಗ್ಗೆ 10:15ಕ್ಕೆ ಬಂತು ಅಂತಿಟ್ಟುಕೊಳ್ಳಿ. 10:30ಕ್ಕೆ ಕೂತಿರಿ. ನೀವು ಮಲ್ಲಿಗೆ ಕಟ್ಟುತ್ತೀರಿ. 20 ಮೊಳಕ್ಕೆ 200 ನಿಮಿಷ, ಅಂದರೆ ಮುಗಿಯುವುದು 1:50ಕ್ಕೆ. ನಾದಿನಿ ಎರಡು ಹಾರ ಪೋಣಿಸುತ್ತಾರೆ, ಮೂರು ಗಂಟೆ, 1:30ಕ್ಕೆ ಮುಗಿಯುತ್ತದೆ. ಬಾಳೆಎಲೆ ಸುತ್ತಿ ಡಬ್ಬಿಗೆ ಇಡಲು 20 ನಿಮಿಷ. ಗಾಡಿ ಸಿಗಲು ಸ್ವಲ್ಪ ಹೊತ್ತು ಬಿಡಿ. ಶಿವು ಹೇಳಿದ ಅರ್ಧ ಗಂಟೆ ಸೇರಿಸಿದರೆ ಸುಮಾರು 3ಕ್ಕೆ ಬೋಗಾದಿ. ಮಲ್ಲಿಗೆ ಇನ್ನೂ ಮೊಗ್ಗು. ಸೀಮಂತಕ್ಕೆ ಕೂರಿಸುವಾಗ ಬಿರಿಯಲು ಶುರು. ಇದಕ್ಕಿಂತ ಚೆಂದ ಇಲ್ಲ.

ಈಗ 11:30ಕ್ಕೆ ಇನ್ನೊಬ್ಬರು ಫೋನ್ ಮಾಡಿ ಸಂಜೆ 5ಕ್ಕೆ 15 ಮೊಳ ಬೇಕು ಅಂದರು. ನಾದಿನಿಯ ಕೈ ಬಿಡುವಾಗುವುದು 1:30ಕ್ಕೆ. ಒಬ್ಬರೇ ಕಟ್ಟಿದರೆ 4 ಗಂಟೆ. ನೀವೂ 1:50ಕ್ಕೆ ಕೈ ಜೋಡಿಸಿದರೆ 3ರ ಹೊತ್ತಿಗೆ ಮುಗಿಯಬಹುದು ಅನ್ನಿಸುತ್ತದೆ. ಆದರೆ ಊಟ ಯಾವಾಗ? ಬೆರಳು ಸೋತ ಮೇಲೆ ಗಂಟು ಸಡಿಲವಾಗುತ್ತದೆ, ಮುಡಿಯುವಾಗ ಹೂವು ಉದುರುತ್ತದೆ. ಗಾಡಿ ತಡವಾದರೆ ಎಲ್ಲ ಹೋಯಿತು. ಅವರಿಗೆ ಆಗುವುದಿಲ್ಲ ಅಂತ 11:30ಕ್ಕೇ ಹೇಳಿದರೆ ಅವರು ಮಾರ್ಕೆಟ್‌ಗೆ ಹೋಗಿ ತರುತ್ತಾರೆ. 4:30ಕ್ಕೆ ಹೇಳಿದರೆ ಏನು ಮಾಡುತ್ತಾರೆ?

ನಿಮ್ಮ ಇಬ್ಬರ ಕೈ 10:30ರಿಂದ 2ರವರೆಗೆ ಅಂದರೆ ಒಟ್ಟು ಏಳು ಗಂಟೆ ಕೆಲಸ. ಎರಡು ಹಾರಕ್ಕೆ ಮೂರು ಗಂಟೆ ಹೋದರೆ ಉಳಿದ ನಾಲ್ಕು ಗಂಟೆಯಲ್ಲಿ 24 ಮೊಳ. ಇದು ನಿಮ್ಮ ಮಿತಿ. ಇದನ್ನೇ ಬರೆಯಿರಿ. ಮತ್ತೆ ಬೆಳಗ್ಗೆ ತಂದ ಮೊಗ್ಗು ಮುಗಿದರೆ ಆವತ್ತಿಗೆ ಮುಗಿಯಿತು. ಮಧ್ಯಾಹ್ನ ಹೋಗಿ ಸಿಕ್ಕಿದ್ದನ್ನು ತಂದು ಕಟ್ಟಬೇಡಿ. ಆ ಹೊತ್ತಿಗೆ ಉಳಿದಿರುವುದು ಬಿಸಿಲು ಕಂಡ ಮೊಗ್ಗು. ತೊಟ್ಟು ನೋಡಿ, ಹಸಿರು ಹೋಗಿ ಕಂದಾಗಿರುತ್ತದೆ. ಹಿಡಿ ಎತ್ತಿ ಅಲ್ಲಾಡಿಸಿದರೆ ತೊಟ್ಟು ಬಿಟ್ಟು ಉದುರುತ್ತದೆ.

ಅಗ್ರಹಾರದ ಹೂವು

ಈ ಲೆಕ್ಕ ಬಹಳ ಉಪಯೋಗ ಆಯಿತು ಅಣ್ಣ. ಬಾಡಿದೆ ಅಂತ ದೂರು ಬಂದರೆ ಹೇಗೆ ತೀರ್ಮಾನ ಮಾಡುವುದು? ಕಿರಣ್ ಅವರಿಗೆ ಆದ ಹಾಗೆ ಆಗಬಾರದು, ಮರುದಿನ ಫೋಟೋ ಕಳಿಸುವವರೂ ಇರುತ್ತಾರೆ.

ಬೆಂಗಳೂರು ಕಿರಣ್

ನನ್ನ ಪ್ರಕಾರ ಗಿರಾಕಿ ಕೈಗೆ ಬಂದ ಹೊತ್ತೇ ಲೆಕ್ಕ ಆಗಬೇಕು. ನೀವು ಕಳಿಸಿದ ಹೊತ್ತಲ್ಲ. ದಾರಿಯಲ್ಲಿ ಹಾಳಾದರೆ ಅದು ಮಾರಿದವರ ಜವಾಬ್ದಾರಿ.

ಶಿವು ಡೆಲಿವರಿ

ಸರ್ ಹೇಳಿದ್ದು ಒಪ್ಪುತ್ತೇನೆ. ನಾವು ಕೊಡುವಾಗಲೇ ಡಬ್ಬಿ ಬಿಚ್ಚಿ ನೋಡಲಿ. ಎರಡು ನಿಮಿಷದ ಕೆಲಸ. ಆದರೆ ಗೇಟಿನಲ್ಲಿ ಸೆಕ್ಯೂರಿಟಿ ಹತ್ತಿರ ಇಟ್ಟು ಹೋಗಿ ಅನ್ನುವವರು ಜಾಸ್ತಿ. ಅಲ್ಲಿ ಬಿಸಿಲಿನಲ್ಲಿ ಒಂದು ಗಂಟೆ ಕೂತರೆ ಯಾರು ಹೊಣೆ?

ಮಾರ್ಕೆಟ್ ಮಂಜಣ್ಣ

ಕೈಗೆ ಬಂದ ಅರ್ಧ ಗಂಟೆಯೊಳಗೆ ಫೋಟೋ ಕಳಿಸಿದರೆ ಪೂರ್ತಿ ದುಡ್ಡು ವಾಪಸ್ ಅಂತ ಬರೆಯಿರಿ. ಗೇಟಿನಲ್ಲಿ ಇಡಿ ಅಂದರೆ ಇಟ್ಟ ಹೊತ್ತಿನಿಂದ ಅರ್ಧ ಗಂಟೆ. ಅದನ್ನು ಮೊದಲೇ ಹೇಳಿರಬೇಕು, ಜಗಳ ಬಂದ ಮೇಲೆ ಹೇಳಿದರೆ ನಡೆಯುವುದಿಲ್ಲ.

ಫೋಟೋ ನೋಡುವಾಗ ಒಂದು ಎಚ್ಚರ. ಜಾಜಿ ಕಳಿಸಿದ್ದರೆ ಎಸಳಿನ ಹಿಂಬದಿ ನಸುಗೆಂಪು ಇರುತ್ತದೆ. ಅದು ಹುಟ್ಟಿನಿಂದಲೇ ಬಂದ ಬಣ್ಣ. ಹಳೆಯದು ಅಂತ ಎಷ್ಟೋ ಜನ ವಾಪಸ್ ಕೊಡುತ್ತಾರೆ. ಅದಕ್ಕೂ ಪಟ್ಟಿಯಲ್ಲಿ ಒಂದು ಸಾಲು ಹಾಕಿ.

ಸುಧಾ ಕುವೆಂಪುನಗರ

ಬೆಳಗಿನ ಮುಹೂರ್ತಕ್ಕೆ ಏನು ಮಾಡುತ್ತೀರಿ? ನಮ್ಮ ಮಗಳ ಮದುವೆ ಬೆಳಗ್ಗೆ 7:30ಕ್ಕೆ. ಅರಳಿದ ಮಲ್ಲಿಗೆಯೇ ಬೇಕು ಅಂತ ಅವಳ ಆಸೆ.

ಮಾರ್ಕೆಟ್ ಮಂಜಣ್ಣ

ಅರಳಿದ್ದು ಬೇಕು ಅಂದರೆ ಹಿಂದಿನ ದಿನ ಕಿತ್ತ ಮೊಗ್ಗೇ ಆಗಬೇಕು. ರಾತ್ರಿ ತಂಪಿನಲ್ಲಿಟ್ಟು ಅರಳುವುದನ್ನು ತಡ ಮಾಡಿ, ಬೆಳಗ್ಗೆ 4ಕ್ಕೆ ಹೊರಗೆ ತೆಗೆಯುತ್ತೇವೆ. ಧಾರೆ ಹೊತ್ತಿಗೆ ಚೆನ್ನಾಗಿರುತ್ತದೆ. ಆದರೆ ಅದನ್ನು "ಇವತ್ತಿನ ಹೂವು" ಅಂತ ಮಾರಬಾರದು, ನಿನ್ನೆ ಕಿತ್ತದ್ದು ಅಂತ ಹೇಳಿಯೇ ಕೊಡಬೇಕು.

ಶಂಕರಪುರದವಳು

ನಾನು ಒಪ್ಪುವುದಿಲ್ಲ. ತಂಪಿನಲ್ಲಿಟ್ಟ ಹೂವಿಗೆ ಘಮ ಕಡಿಮೆ, ಹೊರಗೆ ತೆಗೆದರೆ ಬೇಗ ಸೋಲುತ್ತದೆ. ಮದುವೆಗೆ ಹೊಸ ಮೊಗ್ಗನ್ನೇ ಮುಡಿಸುವುದು ಒಳ್ಳೆಯದು. ಬೆಳಗ್ಗೆ ಘಮ ಇಲ್ಲದಿದ್ದರೂ ಸಂಜೆ ಆರತಕ್ಷತೆಗೆ ಅದೇ ಅರಳುತ್ತದೆ.

ಮಾರ್ಕೆಟ್ ಮಂಜಣ್ಣ

ಅಮ್ಮ, 7:30ರ ಮುಹೂರ್ತಕ್ಕೆ ಹುಡುಗಿಯ ಜಡೆ 5:30ಕ್ಕೆ ಮುಗಿದಿರಬೇಕು. ಆ ಹೊತ್ತಿಗೆ ಹೊಸ ಮೊಗ್ಗು ಮೈಸೂರು ಮಾರ್ಕೆಟ್‌ಗೆ ಬಂದಿರುವುದೇ ಇಲ್ಲ, ಕಟ್ಟಲು ಹೊತ್ತೆಲ್ಲಿ? ನಿಮ್ಮಲ್ಲಿ ಗಿಡ ಹಿತ್ತಲಲ್ಲೇ ಇದೆ.

ಶಂಕರಪುರದವಳು

ಅದು ಹೌದು. ಆದರೂ ನಾನಾದರೆ ತಂಪಿನಲ್ಲಿಟ್ಟದ್ದು ಮುಡಿಸುವುದಿಲ್ಲ.

ಅಗ್ರಹಾರದ ಹೂವು

ಸುಧಾ ಮೇಡಂ, ಬೆಳಗಿನ ಮುಹೂರ್ತವನ್ನು ನಾನು ಪಟ್ಟಿಯಲ್ಲಿ ಹಾಕುವುದಿಲ್ಲ. ಮಾತಾಡಿ, ಎರಡರಲ್ಲಿ ಯಾವುದು ಬೇಕು ಅಂತ ಕೇಳಿ ಮಾಡುತ್ತೇನೆ. ಈಗ ಪಟ್ಟಿ ಹೀಗೆ ಬರೆದಿದ್ದೇನೆ:

"ಮಲ್ಲಿಗೆ, ಒತ್ತಾಗಿ ಕಟ್ಟಿದ್ದು, 45 ಸೆಂ.ಮೀ. ಉದ್ದ. ಅಳತೆಪಟ್ಟಿ ಜೊತೆಗಿನ ಫೋಟೋ ನೋಡಿ. ಇವತ್ತು ಬೆಳಗ್ಗೆ ಕಿತ್ತ ಮೊಗ್ಗು. ನಿಮ್ಮ ಕೈಗೆ ಮೊಗ್ಗಾಗಿ ಬರುತ್ತದೆ, ಸಂಜೆ 6ಕ್ಕೆ ಅರಳುತ್ತದೆ, ಇವತ್ತು ರಾತ್ರಿವರೆಗೆ ಚೆನ್ನಾಗಿರುತ್ತದೆ. ನಾಳೆ ಬೆಳಗ್ಗೆ ಅಂಚು ಕಂದುವುದು ಸಹಜ. ಮಲ್ಲಿಗೆ ಸಿಗದ ದಿನ ನಿಮ್ಮನ್ನು ಕೇಳದೆ ಕಾಕಡ ಹಾಕುವುದಿಲ್ಲ.

ಅದೇ ದಿನ ಬೇಕಾದರೆ ಬೆಳಗ್ಗೆ 10:30ರೊಳಗೆ ಹೇಳಿ. ದಿನಕ್ಕೆ 24 ಮೊಳ, 2 ಹಾರ ಮಾತ್ರ. ತಂದ ಮೊಗ್ಗು ಮುಗಿದರೆ ಆವತ್ತಿನ ಆರ್ಡರ್ ನಿಲ್ಲಿಸುತ್ತೇವೆ. ಮಧ್ಯಾಹ್ನ 3ರಿಂದ 4ರೊಳಗೆ ತಲುಪಿಸುತ್ತೇವೆ. ಅಗ್ರಹಾರ, ಚಾಮುಂಡಿಪುರಂ, ಸರಸ್ವತಿಪುರಂ, ಕುವೆಂಪುನಗರ, ವಿಜಯನಗರ, ಬೋಗಾದಿ ಮಾತ್ರ. ನಂಜನಗೂಡು, ಶ್ರೀರಂಗಪಟ್ಟಣಕ್ಕೆ ಹಿಂದಿನ ದಿನ ಸಂಜೆಯೊಳಗೆ ಹೇಳಬೇಕು. ವರಮಹಾಲಕ್ಷ್ಮಿ, ಆಯುಧಪೂಜೆ, ಜಂಬೂಸವಾರಿ ದಿನ ಅದೇ ದಿನದ ಆರ್ಡರ್ ಇಲ್ಲ. ಹಬ್ಬದ ಬೆಲೆ ಹಿಂದಿನ ದಿನ ಹೇಳುತ್ತೇವೆ, ಒಪ್ಪಿದರೆ ಮಾತ್ರ ಕಟ್ಟುತ್ತೇವೆ.

ಡಬ್ಬಿ ಕೈಗೆ ಬಂದಾಗಲೇ ಬಿಚ್ಚಿ ನೋಡಿ. ಬಾಡಿದ್ದರೆ ಅರ್ಧ ಗಂಟೆಯೊಳಗೆ ಫೋಟೋ ಕಳಿಸಿ, ಪೂರ್ತಿ ದುಡ್ಡು ವಾಪಸ್. ಗೇಟಿನಲ್ಲಿ ಇಡಲು ಹೇಳಿದರೆ ಇಟ್ಟ ಹೊತ್ತಿನಿಂದ ಅರ್ಧ ಗಂಟೆ."

ವಿಮಲಾ ಆಂಟಿ, ಚಾಮುಂಡಿಪುರಂ

ಚೆನ್ನಾಗಿದೆ. ಶುಕ್ರವಾರಕ್ಕೆ ನನಗೆ ನಾಲ್ಕು ಮೊಳ ಬರೆದುಕೋ. ಹಬ್ಬದ ದಿನ ಬೆಲೆ ಏರುವುದು ನನಗೂ ಗೊತ್ತು, ಆದರೆ ಮನೆಗೆ ತಂದ ಮೇಲೆ "ಇವತ್ತು ಜಾಸ್ತಿ" ಅನ್ನುವುದು ಬೇಡ ಅಷ್ಟೇ.

ಮಾರ್ಕೆಟ್ ಮಂಜಣ್ಣ

"ಸಂಜೆ 6ಕ್ಕೆ" ಅನ್ನುವುದನ್ನು ತೆಗೆಯಿರಿ. ಬೇಸಿಗೆಯಲ್ಲಿ ಕೆಲವು ಮೊಗ್ಗು ಅದಕ್ಕೂ ಮೊದಲೇ ಬಿರಿಯುತ್ತದೆ. ಚಳಿ ಇದ್ದರೆ ರಾತ್ರಿ ಊಟದ ಹೊತ್ತಾದರೂ ಬಾಯಿ ಬಿಟ್ಟಿರುವುದಿಲ್ಲ. ಬರೀ "ಸಂಜೆ ಅರಳುತ್ತದೆ" ಅಂತಿರಲಿ. ಡಿಸೆಂಬರ್ ಬಂದಾಗ "ರಾತ್ರಿ ಅರಳುತ್ತದೆ" ಅಂತ ಬದಲಾಯಿಸಿ.

ಅಗ್ರಹಾರದ ಹೂವು

ತೆಗೆದೆ ಅಣ್ಣ. ಕನಕಾಂಬರ, ಸೇವಂತಿಗೆ, ಜಾಜಿ, ಹಾರ ಎಲ್ಲದಕ್ಕೂ ಬೇರೆ ಬೇರೆ ಸಾಲು ಬರೆದು ನಾಳೆ ಇಲ್ಲೇ ಹಾಕುತ್ತೇನೆ. ಶಿವು, ಬೋಗಾದಿಗೆ ಹೂ ಒಯ್ಯಲು ಭಾನುವಾರ ಮಧ್ಯಾಹ್ನ 2:15ಕ್ಕೆ ನಮ್ಮ ಮನೆಗೆ ಬರಲು ಆಗುತ್ತಾ?

ಶಿವು ಡೆಲಿವರಿ

ಬರುತ್ತೇನೆ ಅಕ್ಕ. ಊಟದ ಚೀಲ ಮನೆಯಲ್ಲೇ ಬಿಟ್ಟು ಬರುತ್ತೇನೆ. ಹಾರದ ಡಬ್ಬಿ ಎಷ್ಟು ಅಗಲ ಅಂತ ಮೊದಲೇ ಹೇಳಿ, ಸ್ಕೂಟರ್ ತರಬೇಕಾ ನೋಡುತ್ತೇನೆ.